ಎಳ್ಳಮಾವಾಸ್ಯೆಗೆ ಊರಿಗೆ ಹೋಗಲು ಹೆಚ್ಚುವರಿ ರಜೆ ಕೋರಿ ಅರ್ಜಿ

ಬೆಂಗಳೂರು
ದಿನಾಂಕ: 02-12-2024

ಇವರಿಂದ,
ಮಲ್ಲಿಕಾರ್ಜುನ ಎಸ್.
ಸಿಎನ್‌ಸಿ ಲೇತ್ ಆಪರೇಟರ್, ಯಂತ್ರ ವಿಭಾಗ
ಪೀಣ್ಯ ಕೈಗಾರಿಕಾ ಪ್ರದೇಶ, 2ನೇ ಹಂತ

ಇವರಿಗೆ,
ಕಾರ್ಖಾನೆ ವ್ಯವಸ್ಥಾಪಕರು
(ಯಂತ್ರ ವಿಭಾಗದ ಸೂಪರ್‌ವೈಸರ್ ಅವರ ಮೂಲಕ)

ವಿಷಯ: 28-12-2024ರಿಂದ 04-01-2025ರವರೆಗೆ ಗಳಿಕೆ ರಜೆ ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಎಳ್ಳಮಾವಾಸ್ಯೆ ಹಬ್ಬಕ್ಕಾಗಿ ಡಿಸೆಂಬರ್ 28ರ ಶನಿವಾರದಿಂದ ಜನವರಿ 4ರ ಶನಿವಾರದವರೆಗೆ ನನಗೆ ರಜೆ ಬೇಕಾಗಿದೆ. ನಡುವೆ ಬರುವ 29ರ ಭಾನುವಾರ ವಾರದ ರಜೆಯಾದ್ದರಿಂದ ಒಟ್ಟು ಏಳು ದಿನ ಗಳಿಕೆ ರಜೆ ಆಗುತ್ತದೆ. ಜನವರಿ 6ರ ಸೋಮವಾರ ಬೆಳಗಿನ ಪಾಳಿಗೆ ಹಾಜರಾಗುತ್ತೇನೆ.

ಕಳೆದ ವಾರ ಸೂಪರ್‌ವೈಸರ್ ಸಾಹೇಬರ ಹತ್ತಿರ ಬಾಯಿಮಾತಿನಲ್ಲಿ ಕೇಳಿದಾಗ, "ಹಬ್ಬ ಒಂದೇ ದಿನ ಅಲ್ವಾ, ಏಳು ದಿನ ಯಾಕೆ? ಮೇಲಿನವರು ಕೇಳಿದರೆ ನಾನು ಏನು ಹೇಳಲಿ? ಕಾರಣ ಪೂರ್ತಿ ಬರೆದು ಕೊಡಿ" ಎಂದರು. ಅವರ ಮಾತು ನ್ಯಾಯವಾದದ್ದೇ. ವರ್ಷದ ಕೊನೆ, ಸ್ಟಾಕ್ ಎಣಿಕೆ ಬೇರೆ ಇದೆ. ಆದ್ದರಿಂದ ಅರ್ಜಿ ಸ್ವಲ್ಪ ಉದ್ದವಾದರೂ ಎಲ್ಲವನ್ನೂ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಬೇಕೆಂದು ವಿನಂತಿ.

ನನ್ನ ಊರು ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ನೆಲೋಗಿ. ಈ ಸಲ ಎಳ್ಳಮಾವಾಸ್ಯೆ ಡಿಸೆಂಬರ್ 30ರ ಸೋಮವಾರ ಬಂದಿದೆ. ನಮ್ಮ ಕಾರ್ಖಾನೆ ಕೊಡುವ ಐದು ಹಬ್ಬದ ರಜೆಗಳಲ್ಲಿ ಇದು ಇಲ್ಲ, ಇಲ್ಲಿ ಹೆಚ್ಚಿನವರು ಇದನ್ನು ಕಂಡೂ ಇಲ್ಲ. ಹಳೇ ಮೈಸೂರಿನ ರೈತರಿಗೆ ಸಂಕ್ರಾಂತಿ ಎಷ್ಟು ದೊಡ್ಡದೋ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರದ ಕಡೆಯ ರೈತರಿಗೆ ಇದು ಅಷ್ಟು ದೊಡ್ಡದು. ಅವತ್ತು ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಬೈಕು, ಏನು ಸಿಕ್ಕಿದರೆ ಅದರಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದೊಯ್ಯುತ್ತಾರೆ. ಹಿಂಗಾರಿ ಜೋಳ ಹೊಡೆ ಹಿರಿಯುವ ಹೊತ್ತದು. ಭೂಮಿತಾಯಿ ಬಸುರಿ, ಆಕೆಗೆ ಬಯಕೆ ಊಟ ಉಣಿಸಬೇಕು ಎಂಬುದು ನಮ್ಮ ಹಿರಿಯರ ನಂಬಿಕೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುತ್ತೇವೆ. ಆಮೇಲೆ ಮನೆಯ ಗಂಡುಮಕ್ಕಳು ಎಡೆಯ ಅಡುಗೆಯನ್ನೆಲ್ಲ ಕಲಸಿ, ಹೊಲದ ನಾಲ್ಕೂ ಬದುವಿನ ಗುಂಟ ನಡೆದು ಚರಗ ಚೆಲ್ಲುತ್ತಾರೆ. ಅದು ಆಗುವವರೆಗೆ ಯಾರೂ ಉಣ್ಣುವುದಿಲ್ಲ.

ಇದುವರೆಗೆ ನಮ್ಮ ಹೊಲದಲ್ಲಿ ಚರಗ ಚೆಲ್ಲುತ್ತಿದ್ದವರು ನಮ್ಮ ಅಪ್ಪ. ಅವರಿಗೀಗ ಎಪ್ಪತ್ತು ಹತ್ತಿರ ಬಂತು, ಎರಡೂ ಮೊಣಕಾಲು ಸವೆದಿವೆ. ಎರಿ ಹೊಲದಲ್ಲಿ ಬಿರುಕು ಬಿಟ್ಟ ನೆಲ, ಕೈಯಲ್ಲಿ ಬುಟ್ಟಿ ಹಿಡಿದು ಆರು ಎಕರೆ ಸುತ್ತುವುದು ಅವರಿಂದ ಆಗದು. ದೀಪಾವಳಿಯಲ್ಲಿ ಫೋನು ಮಾಡಿದಾಗ, "ಈ ಸಲ ಚರಗ ನೀನೇ ಚೆಲ್ಲಬೇಕಪ್ಪ, ನನ್ನ ಕಾಲು ನಡಿಯವಲ್ವು" ಎಂದರು. ಅಪ್ಪ ತಮಗೆ ಆಗುವುದಿಲ್ಲ ಎಂದು ಹೇಳುವ ಮನುಷ್ಯರಲ್ಲ. ನಾನು ಒಬ್ಬನೇ ಗಂಡುಮಗ. ತಂಗಿ ಸಿಂದಗಿಗೆ ಮದುವೆಯಾಗಿ ಹೋಗಿದ್ದಾಳೆ, ಅವಳಿಗೆ ಅವರ ಮನೆಯ ಹೊಲದ ಹಬ್ಬ ಇರುತ್ತದೆ.

ಹಬ್ಬಕ್ಕೆ ಎರಡು ದಿನ ಮೊದಲೇ ಊರು ಮುಟ್ಟಬೇಕೆನ್ನಲು ಕಾರಣ ಅಡುಗೆ. ಜೋಳದ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಹುಳಿ ಬರಿಸಿದ ಅಂಬಲಿ, ಕಾಳು ಮತ್ತು ಹಲವು ತರಕಾರಿ ಸೊಪ್ಪು ಕೂಡಿಸಿ ಮಾಡುವ ಭಜ್ಜಿ. ಬಂದವರಿಗೆಲ್ಲ ಸಾಲುವಷ್ಟು ಆಗಬೇಕು. ಅವ್ವ ಒಬ್ಬಳೇ ಒಲೆಯ ಮುಂದೆ ಕೂತು ಇಷ್ಟನ್ನೂ ಮಾಡಲಾರಳು, ನನ್ನ ಹೆಂಡತಿ ಜೊತೆಗಿರಬೇಕು. ಎರಡನೇ ತರಗತಿಯ ಮಗಳನ್ನೂ ಕರೆದೊಯ್ಯುತ್ತೇನೆ, ಅವಳ ಶಾಲೆಗೆ ಬೇರೆ ಅರ್ಜಿ ಕೊಡುತ್ತೇನೆ. ಅವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ನಾವು ಉಣ್ಣುವ ತೊಗರಿಬೇಳೆ ಬರುವ ಹೊಲವನ್ನು ಅವಳು ಬೇಸಿಗೆಯ ಖಾಲಿ ನೆಲವಾಗಿ ಮಾತ್ರ ನೋಡಿದ್ದಾಳೆ. ಪೈರು ನಿಂತಾಗ ಒಮ್ಮೆ ತೋರಿಸಬೇಕೆಂಬ ಆಸೆ ನನಗೆ ಬಹಳ ಇದೆ.

ಇನ್ನು ಹಬ್ಬವಾದ ಮೇಲಿನ ದಿನಗಳ ಮಾತು. ನಾನು ಹೆಚ್ಚುವರಿ ಎಂದು ಕೇಳುತ್ತಿರುವುದು ಮುಖ್ಯವಾಗಿ ಇವನ್ನೇ.

ನಮ್ಮ ಆರು ಎಕರೆಯಲ್ಲಿ ನಾಲ್ಕು ಎಕರೆ ತೊಗರಿ, ಉಳಿದದ್ದು ಬಿಳಿಜೋಳ. ಮಳೆಗಾಲದ ಮೊದಲಿಗೆ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ. ಹಬ್ಬದ ದಿನ ಯಾರೂ ಹೊಲದಲ್ಲಿ ಕುಡುಗೋಲು ಹಿಡಿಯುವುದಿಲ್ಲ. ಮರುದಿನದಿಂದ ಊರಿಗೆ ಊರೇ ರಾಶಿಗೆ ಇಳಿಯುತ್ತದೆ. ಈಗ ಕೊಯ್ಯುವ ದೊಡ್ಡ ಯಂತ್ರಗಳು ನಮ್ಮ ಕಡೆಗೂ ಬಂದಿವೆ, ಒಂದೇ ದಿನದಲ್ಲಿ ಮುಗಿಸಿಬಿಡುತ್ತವೆ. ಆದರೆ ಅದರಲ್ಲಿ ಕೊಯ್ಸಿದರೆ ತೊಗರಿ ಕಟ್ಟಿಗೆಯೂ ಹೊಟ್ಟೂ ಹೊಲದಲ್ಲೇ ಚೆದುರಿ ಹೋಗುತ್ತವೆ. ಅಪ್ಪ ಇನ್ನೂ ಒಂದು ಜೋಡಿ ಎತ್ತು ಕಟ್ಟಿದ್ದಾರೆ. ಹೊಟ್ಟು ಅವುಗಳ ಬೇಸಿಗೆಯ ಮೇವು, ಕಟ್ಟಿಗೆ ಅವ್ವನ ಒಲೆಗೆ. ಆದ್ದರಿಂದ ನಾವು ಆಳು ಹಚ್ಚಿ ಕೊಯ್ದು, ಗೂಡು ಹಾಕಿ, ರಾಶಿ ಮಷೀನು ಕರೆಸಿ ಕಾಳು ಮಾಡುತ್ತೇವೆ. ಡಿಸೆಂಬರ್ ನಡುವಿನಲ್ಲೇ ಕೊಯ್ಲು ಮುಗಿಸಿ ಗೂಡು ಹಾಕಿಸುವುದಾಗಿ ಅಪ್ಪ ಹೇಳಿದ್ದಾರೆ. ರಾಶಿ ಮಷೀನಿನವರು ನಮಗೆ ಜನವರಿ 1ನೇ ತಾರೀಖು ಕೊಟ್ಟಿದ್ದಾರೆ. ಆ ದಿನ ತಪ್ಪಿದರೆ ಮತ್ತೆ ಸರದಿ ಸಿಗುವುದು ಯಾವಾಗಲೋ. ಅಷ್ಟರಲ್ಲಿ ಒಂದು ಮಳೆ ಬಿದ್ದರೂ ಗೂಡಿನ ತೊಗರಿ ಕೆಡುತ್ತದೆ.

ರಾಶಿಗೆ ಕೂಲಿ ಆಳು ಸಿಗುವುದು ಈಗ ಕಷ್ಟ. ಎಲ್ಲರ ಹೊಲದಲ್ಲೂ ಅದೇ ವಾರ ಅದೇ ಕೆಲಸ. ಹಾಗಾಗಿ ನಮ್ಮ ಓಣಿಯ ನಾಲ್ಕು ಮನೆಯವರು ಮುಯ್ಯಾಳು ಮಾಡಿಕೊಂಡಿದ್ದೇವೆ. ಅವರು ನಮ್ಮ ರಾಶಿಗೆ ಬರುತ್ತಾರೆ, ನಮ್ಮ ಮನೆಯಿಂದ ಒಬ್ಬರು ಅವರ ರಾಶಿಗೆ ಹೋಗಬೇಕು. ಡಿಸೆಂಬರ್ 31 ಮತ್ತು ಜನವರಿ 2, 3ರಂದು ಅವರ ಹೊಲಗಳಿವೆ. ನಮ್ಮ ಕಾಳು ಚೀಲಕ್ಕೆ ತುಂಬಿದ ಕೂಡಲೇ ನಾನು ಬೆಂಗಳೂರಿಗೆ ಬಂದುಬಿಟ್ಟರೆ, ವರ್ಷವಿಡೀ ಅಪ್ಪ ಅವ್ವನಿಗೆ ಆಸರೆಯಾಗಿರುವ ಆ ಮನೆಗಳಿಗೆ ಮುಖ ತೋರಿಸುವುದು ಹೇಗೆ? ರಾತ್ರಿ ಅಪ್ಪನಿಗೆ ಏನಾದರೂ ಆದರೆ ಮೊದಲು ಬಾಗಿಲಿಗೆ ಬರುವವರು ಅವರು, 600 ಕಿಲೋಮೀಟರ್ ಹತ್ತಿರ ದೂರ ಇರುವ ನಾನಲ್ಲ. ಈ ಋಣವನ್ನು ದುಡ್ಡು ಕಳಿಸಿ ತೀರಿಸಲು ಬರುವುದಿಲ್ಲ, ನಾನೇ ಹೋಗಿ ಮೈಮುರಿದು ದುಡಿಯಬೇಕು.

ಎರಡು ದಿನದ ರಜೆ ಪಡೆದು ಹೋಗಿ, ಅಲ್ಲಿಂದ "ಜ್ವರ ಬಂದಿದೆ" ಎಂದು ಫೋನು ಮಾಡುವ ದಾರಿಯೂ ಇದೆ ಎಂದು ಒಂದಿಬ್ಬರು ಹೇಳಿದರು. ನನಗೆ ಅದು ಬೇಡ. ತಾವು ಮೊದಲೇ ತಿಳಿದುಕೊಂಡು ಕೆಲಸ ಹೊಂದಿಸಿಕೊಳ್ಳಲಿ ಎಂದೇ ಇಷ್ಟು ಮುಂಚೆ ಬರೆಯುತ್ತಿದ್ದೇನೆ.

ರಜೆಯ ಲೆಕ್ಕ ಹೀಗಿದೆ. ಕಾರ್ಖಾನೆ ಕಾಯ್ದೆಯ 79ನೇ ಕಲಂ ಪ್ರಕಾರ ಗಳಿಕೆ ರಜೆಗೆ ಕನಿಷ್ಠ 15 ದಿನ ಮೊದಲು ಬರಹದಲ್ಲಿ ಕೇಳಬೇಕು, ನಾನು ಅದಕ್ಕಿಂತ ಮೊದಲೇ ಕೇಳಿದ್ದೇನೆ. ನನ್ನ ಖಾತೆಯಲ್ಲಿ ಒಂಬತ್ತು ದಿನ ಉಳಿದಿವೆ ಎಂದು ಟೈಮ್ ಆಫೀಸಿನಲ್ಲಿ ನೋಡಿಕೊಂಡು ಬಂದಿದ್ದೇನೆ. ಡಿಸೆಂಬರ್ 28, 30, 31 ಈ ವರ್ಷದ ಖಾತೆಗೆ ಬರುತ್ತವೆ. ಜನವರಿಯ ನಾಲ್ಕು ದಿನಗಳನ್ನು ಮುಂದಿನ ವರ್ಷಕ್ಕೆ ಹೋಗುವ ಉಳಿಕೆಯಲ್ಲಿ ಕಡಿತ ಮಾಡಬಹುದು.

ಕೆಲಸದ ಬಗ್ಗೆ. ನನ್ನ ಯಂತ್ರದ ಮೇಲಿರುವ ಬುಷ್ ಆರ್ಡರಿನ ಈ ತಿಂಗಳ ಪಾಲನ್ನು ಡಿಸೆಂಬರ್ 26ರೊಳಗೆ ಮುಗಿಸಿ ಇನ್ಸ್‌ಪೆಕ್ಷನ್‌ಗೆ ಕೊಡುತ್ತೇನೆ. ಅದಕ್ಕೆ ನಡುವಿನ ಭಾನುವಾರಗಳಲ್ಲಿ ಬರಬೇಕಾದರೆ ಬರುತ್ತೇನೆ. ರಜೆಯ ದಿನಗಳಲ್ಲಿ ಪಕ್ಕದ ಯಂತ್ರದ ಆಪರೇಟರ್ ನನ್ನ ಯಂತ್ರವನ್ನೂ ನೋಡಿಕೊಳ್ಳಲು ಒಪ್ಪಿದ್ದಾರೆ. ಅವರು ಮಂಡ್ಯದವರು, ಜನವರಿ 14ರ ಸಂಕ್ರಾಂತಿಗೆ ಅವರು ಊರಿಗೆ ಹೋದಾಗ ಅವರ ಪಾಳಿ ನಾನು ಮಾಡುತ್ತೇನೆ. ಅವರ ಒಪ್ಪಿಗೆ ಸಹಿ ಈ ಅರ್ಜಿಯ ಹಿಂಬದಿಯಲ್ಲಿದೆ. ಒಳವ್ಯಾಸ ಕೊರೆಯುವ ಟೂಲ್ ಮಾತ್ರ ಸ್ವಲ್ಪ ಗಮನ ಕೇಳುತ್ತದೆ. ಇನ್ಸರ್ಟ್ ಸವೆದಂತೆ ಸೈಜು ಕಡಿಮೆ ಬರುತ್ತದೆ, ಎಷ್ಟು ಪೀಸಿಗೆ ಆಫ್‌ಸೆಟ್ ಕೊಡಬೇಕು, ಯಾವಾಗ ಇನ್ಸರ್ಟ್ ತಿರುಗಿಸಬೇಕು ಎಂಬುದನ್ನು ಸೆಟ್ಟಿಂಗ್ ಶೀಟಿನಲ್ಲಿ ಬರೆದು ಯಂತ್ರದ ಬಾಗಿಲಿಗೆ ಅಂಟಿಸುತ್ತೇನೆ. ಡಿಸೆಂಬರ್ 31ರ ಸ್ಟಾಕ್ ಎಣಿಕೆಗೆ ನನ್ನ ಕಡೆಯ ಟೂಲ್, ಗೇಜ್‌ಗಳನ್ನು 27ರಂದೇ ಸ್ಟೋರ್‌ಗೆ ಲೆಕ್ಕ ಒಪ್ಪಿಸಿ ಸಹಿ ಪಡೆಯುತ್ತೇನೆ. ಸೆಟ್ಟಿಂಗ್ ವಿಷಯದಲ್ಲಿ ತೊಡಕಾದರೆ ಫೋನು ಮಾಡಲಿ. ಹೊಲದಲ್ಲಿ ಸಿಗ್ನಲ್ ಕಡಿಮೆ, ಆದರೆ ಸಂಜೆ ಏಳರ ನಂತರ ಮನೆಯಲ್ಲೇ ಇರುತ್ತೇನೆ.

ಇನ್ನೊಂದು ಕೋರಿಕೆ. 27ರ ಶುಕ್ರವಾರ ನನ್ನನ್ನು ಮೊದಲ ಪಾಳಿಗೆ ಹಾಕಬೇಕು. ಅಂದು ಸಂಜೆ ಯಶವಂತಪುರದಿಂದ ಸೊಲ್ಲಾಪುರ ರೈಲಿಗೆ ಮೂವರದೂ ಟಿಕೆಟ್ ಆಗಿದೆ. ಬೆಳಗಿನ ಜಾವ ಕಲಬುರಗಿಯಲ್ಲಿ ಇಳಿದು ಜೇವರ್ಗಿ ಮೇಲೆ ಬಸ್ಸಿನಲ್ಲಿ ಊರಿಗೆ ಹೋಗುತ್ತೇವೆ. ಎರಡನೇ ಪಾಳಿ ಬಿದ್ದರೆ ಈ ರೈಲು ತಪ್ಪುತ್ತದೆ, ಹಬ್ಬದ ಹೊತ್ತಿನಲ್ಲಿ ಖಾಸಗಿ ಬಸ್ಸಿನ ದರ ನಮ್ಮಂಥವರ ಕೈಗೆ ಎಟುಕುವುದಿಲ್ಲ. ವಾಪಸ್ ಟಿಕೆಟ್ ಜನವರಿ 4ರ ರಾತ್ರಿಗೆ ಇದೆ, ಭಾನುವಾರ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತೇವೆ.

ಏಳೂ ದಿನ ಕೊಡಲು ಸಾಧ್ಯವೇ ಇಲ್ಲ ಎಂದಾದರೆ ಜನವರಿ 4ರ ಒಂದು ದಿನವನ್ನು ಬಿಟ್ಟುಕೊಡುತ್ತೇನೆ. 3ರ ರಾತ್ರಿಯ ಸರ್ಕಾರಿ ಬಸ್ಸಿಗೆ ಹೊರಟು 4ರ ಎರಡನೇ ಪಾಳಿಗೆ ಬರುತ್ತೇನೆ. ಅದಕ್ಕಿಂತ ಕಡಿಮೆ ಮಾಡಿದರೆ ಮುಯ್ಯಾಳಿನ ಮಾತು ತಪ್ಪುತ್ತದೆ. ರಜೆಯ ಲೆಕ್ಕದಲ್ಲಿ ತೊಂದರೆ ಬಂದರೆ ಆ ದಿನಗಳಿಗೆ ಸಂಬಳ ಕಡಿತವಾದರೂ ಒಪ್ಪಿಗೆ ಇದೆ.

ಟಿಕೆಟ್ ರದ್ದು ಮಾಡುವುದಾದರೂ, ಊರಿನವರಿಗೆ ಬೇರೆ ಆಳು ನೋಡಿಕೊಳ್ಳಿ ಎಂದು ಹೇಳುವುದಾದರೂ ಸಮಯ ಬೇಕು. ಆದ್ದರಿಂದ ಡಿಸೆಂಬರ್ 10ರೊಳಗೆ ತಮ್ಮ ತೀರ್ಮಾನ ತಿಳಿಸಬೇಕಾಗಿ ಕೋರುತ್ತೇನೆ.

ರಜೆಯ ಅವಧಿಯ ವಿಳಾಸ: ನೆಲೋಗಿ, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ. ಫೋನು ಸಂಖ್ಯೆ ಟೈಮ್ ಆಫೀಸಿನಲ್ಲಿರುವುದೇ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಮಲ್ಲಿಕಾರ್ಜುನ ಎಸ್.

ಲಗತ್ತು: ಹೋಗಿ ಬರುವ ರೈಲು ಟಿಕೆಟ್‌ಗಳ ಪ್ರತಿ