ನಾಳೆ ಇಂಟರ್‌ವ್ಯೂ ಇರೋ ಸಾಹೇಬ್ರಿಗೆ

ಇನ್ನೂ ಎಚ್ಚರ ಇದ್ದೀಯಾ? ಗೊತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮಲ್ಕೋ. ಇಷ್ಟು ಹೊತ್ತಲ್ಲಿ ಉರು ಹೊಡ್ದಿದ್ದು ಬೆಳಗ್ಗೆ ತಲೇಲಿ ಇರಲ್ಲ ಕಣೋ.

ನಾಳೆ ಆಟೋ ಸಾಹಸ ಬೇಡ. ವಿಜಯನಗರದಲ್ಲಿ ಪರ್ಪಲ್ ಲೈನ್ ಹತ್ತಿದ್ರೆ ಸೀದಾ ಕುಂದಲಹಳ್ಳಿ, ಎಲ್ಲೂ ಇಳಿದು ಹತ್ತೋ ಗೋಜಿಲ್ಲ. ಮೆಜೆಸ್ಟಿಕ್‌ನಲ್ಲಿ ಜನ ನುಗ್ತಾರೆ, ಇಸ್ತ್ರಿ ಜೋಪಾನ. ಆ ತಿಳಿನೀಲಿ ಶರ್ಟೇ ಹಾಕ್ಕೋ. ಯಾಕೆ ಅಂತ ಕೇಳ್ಬೇಡ. ಎಚ್‌ಆರ್ ಮೇಡಂ ಜಾಸ್ತಿ ನಗ್ನಗ್ತಾ ಮಾತಾಡ್ಸಿದ್ರೆ ಮಾತ್ರ ನಂಗೆ ಹೇಳು, ವಿಚಾರಿಸ್ಕೊಳ್ತೀನಿ.

"ನಿಮ್ಮ ವೀಕ್‌ನೆಸ್ ಏನು" ಅಂತ ಕೇಳೇ ಕೇಳ್ತಾರೆ. ದಯವಿಟ್ಟು ನನ್ನ ಹೆಸರು ಹೇಳ್ಬೇಡ.

ಇಂಗ್ಲಿಷ್ ತಡವರಿಸಿದ್ರೆ ಒಂದು ಗುಟುಕು ನೀರು ಕುಡಿ, ಅಷ್ಟೆ. ಹೋದ ವಾರ ದರ್ಶಿನಿಲಿ ನಿಂತ್ಕೊಂಡು, ದೋಸೆ-ಚಟ್ನಿ ತೋರಿಸಿ ಎಸ್‌ಕ್ಯೂಎಲ್ ಜಾಯಿನ್ ಹೇಳ್ಕೊಟ್ಯಲ್ಲ? ಕಾಮರ್ಸ್ ಓದಿದ ನಂಗೇ ಅರ್ಥ ಆಯ್ತು! (ಅರ್ಧ ಹೊತ್ತು ನಿನ್ನ ಮುಖಾನೇ ನೋಡ್ತಿದ್ದೆ, ಆದ್ರೂ ಆಯ್ತು.) ಅವರ ಮುಂದೂ ಹಾಗೇ ಮಾತಾಡು.

ಮುಗಿದ ತಕ್ಷಣ ಮೊದಲು ಅಮ್ಮಂಗೆ ಫೋನ್ ಮಾಡು, ಆಮೇಲೆ ನಂಗೆ. ಸಂಜೆ ಕಾಫಿ ಇದ್ದೇ ಇದೆ: ಚೆನ್ನಾಗಿ ಆದ್ರೆ ನಿನ್ನ ಲೆಕ್ಕ, ಇಲ್ಲಾಂದ್ರೆ ನನ್ನ ಲೆಕ್ಕ. ಬೈ ಟೂ ಸಾಕು, ಹತ್ರ ನಿಂತ್ಕೋಬಹುದು.

ಆಲ್ ದಿ ಬೆಸ್ಟ್ ಕಣೋ. ಈಗ ಮಲ್ಕೋ!