ನರ ದೌರ್ಬಲ್ಯ, ತೆಳು ವೀರ್ಯ, ಸ್ವಪ್ನಸ್ಖಲನ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದೇನೆ. ವಾರಕ್ಕೆ ಎರಡು ಸಲ ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಮರುದಿನ ಸೊಂಟನೋವು, ಸುಸ್ತು, ಓದಿದ್ದು ತಲೆಗೆ ಹತ್ತುವುದಿಲ್ಲ. ನೂರು ಹನಿ ರಕ್ತದಿಂದ ಒಂದು ಹನಿ ವೀರ್ಯವಂತೆ. ನರಗಳು ಸತ್ತುಹೋಗುತ್ತವೆಯೇ?
— ಹಾವೇರಿ ಜಿಲ್ಲೆಯ ಓದುಗ

ಉತ್ತರ: ರಕ್ತದ ಲೆಕ್ಕ ಸುಳ್ಳು. ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ಒಮ್ಮೆ ಹೊರಬರುವುದು ಸಾಮಾನ್ಯವಾಗಿ 2ರಿಂದ 5 ಮಿ.ಲೀ. ಅದರಲ್ಲಿರುವ ಪ್ರೋಟೀನು ಒಂದೆರಡು ಶೇಂಗಾ ಬೀಜದಲ್ಲಿ ಇರುವಷ್ಟೇ. ನಿದ್ದೆಯಲ್ಲಿ ಹೋಗುವುದು ಹದಿಹರೆಯದಲ್ಲಿ ಸಹಜ. ಕೆಲವರಿಗೆ ವಾರಕ್ಕೆ ಎರಡು ಸಲ, ಕೆಲವರಿಗೆ ತಿಂಗಳಿಗೊಮ್ಮೆ, ಕೆಲವರಿಗೆ ಆಗುವುದೇ ಇಲ್ಲ. ಮೂರೂ ಸರಿಯೇ. ಹಸ್ತಮೈಥುನದಿಂದಲೂ ನರ ಸಾಯುವುದಿಲ್ಲ.

ಹಾಗಾದರೆ ಸುಸ್ತು ಎಲ್ಲಿಂದ? ಹೆಚ್ಚಿನವರಲ್ಲಿ ಭಯದಿಂದ ಮತ್ತು ಕೆಟ್ಟ ನಿದ್ದೆಯಿಂದ. ಆದರೂ ಒಮ್ಮೆ ಹಿಮೋಗ್ಲೋಬಿನ್ (ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ), ಥೈರಾಯ್ಡ್, ಸಕ್ಕರೆ ನೋಡಿಸಿ. ತೂಕ ಇಳಿಯುತ್ತಿದ್ದು, ಸಂಜೆ ಜ್ವರ ಅಥವಾ ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಬೇಕು.

ಎಲ್ಲ ಸರಿಯಿದ್ದೂ ‘ಧಾತು ಹೋಗ್ತಿದೆ’ ಎಂಬ ಚಿಂತೆ ಬಿಡದಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಮನೋವೈದ್ಯರು ಇದನ್ನು ಧಾತ್ ಸಿಂಡ್ರೋಮ್ ಎನ್ನುತ್ತಾರೆ. ಸಮಾಲೋಚನೆ, ಅಗತ್ಯವಿದ್ದರೆ ಕೆಲವು ತಿಂಗಳ ಮಾತ್ರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಪ್ರಶ್ನೆ: 28 ವರ್ಷ, ಮದುವೆಯಾಗಿ ಏಳು ತಿಂಗಳು. ವೀರ್ಯ ನೀರಿನಂತೆ ತೆಳ್ಳಗಿದೆ. ಹೆಂಡತಿ (25) ಇನ್ನೂ ಗರ್ಭಿಣಿಯಾಗಿಲ್ಲ. ಗಟ್ಟಿಯಾಗಲು ಯಾವ ಪುಡಿ ತೆಗೆದುಕೊಳ್ಳಲಿ?
— ದಾವಣಗೆರೆ

ಉತ್ತರ: ಪುಡಿ ಬೇಡ. ಹೊರಬಂದ ಕೂಡಲೇ ವೀರ್ಯ ಲೋಳೆಯಂತೆ ಗಟ್ಟಿಯಿರುತ್ತದೆ, 15–30 ನಿಮಿಷದಲ್ಲಿ ತಾನಾಗಿ ನೀರಾಗುತ್ತದೆ. ತಡವಾಗಿ ನೋಡಿದವರಿಗೆ ತೆಳುವೇ ಕಾಣುವುದು. ಮೇಲಿಂದ ಮೇಲೆ ಸ್ಖಲನವಾದಾಗಲೂ ತೆಳುವಾಗುತ್ತದೆ. ಕಣ್ಣಳತೆಯಲ್ಲಿ ವೀರ್ಯಾಣು ಎಣಿಸಲು ಯಾರಿಂದಲೂ ಆಗದು.

ಎರಡೂ ಕಡೆ ತೊಂದರೆ ಇಲ್ಲದಿದ್ದರೆ ಒಂದು ವರ್ಷ ಕಾಯುವುದು ವಾಡಿಕೆ (ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು). ಮನಸ್ಸು ತಡೆಯದಿದ್ದರೆ ವೀರ್ಯ ಪರೀಕ್ಷೆ ಮಾಡಿಸಿ, ಆದರೆ ಸರಿಯಾಗಿ. 2ರಿಂದ 7 ದಿನ ಸ್ಖಲನ ಬೇಡ. ಲ್ಯಾಬಿನ ಡಬ್ಬಿಯಲ್ಲೇ ಹಿಡಿಯಿರಿ; ಕಾಂಡೋಮ್, ಎಣ್ಣೆ, ಸೋಪು, ಎಂಜಲು ತಾಗಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಚೆಲ್ಲಿದರೆ ಮುಚ್ಚಿಡದೆ ಹೇಳಿ. ಮನೆಯಿಂದ ಒಯ್ದರೆ ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು, ಅರ್ಧ ಗಂಟೆಯಲ್ಲಿ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತಲುಪಿಸಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42, ಸರಿಯಾದ ಆಕಾರ ಶೇ. 4. ಈ ಕೊನೆಯ ಸಾಲೇ ಜನರನ್ನು ಸುಮ್ಮನೆ ಹೆದರಿಸುವುದು: ‘95 ಪರ್ಸೆಂಟ್ ಅಬ್‌ನಾರ್ಮಲ್’ ಎಂದಿದ್ದರೂ ಆಕಾರದ ಮಟ್ಟಿಗೆ ಅದು ಮಿತಿಯೊಳಗೇ ಇದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಹಿಂದಿನ ತಿಂಗಳ ಜೋರು ಜ್ವರವೂ ವರದಿ ಕೆಡಿಸಬಹುದು. ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸದೆ ತೀರ್ಮಾನಕ್ಕೆ ಬರಬೇಡಿ. ಗುಟ್ಕಾ, ಸಿಗರೇಟು ಬಿಡಿ. ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು.

ಪ್ರಶ್ನೆ: 46 ವರ್ಷ, ಎಂಟು ವರ್ಷದಿಂದ ಶುಗರ್. ಪಾದ ಜೋಮು, ರಾತ್ರಿ ಉರಿ. ನಿಮಿರುವಿಕೆಯೂ ಕುಗ್ಗಿದೆ. ಲಾಡ್ಜಿನಲ್ಲಿ ಕ್ಯಾಂಪ್ ಹಾಕಿದವರು ‘ನರಗಳ ವೀಕ್ನೆಸ್’ ಎಂದು ಲೇಹ್ಯ ಕೊಟ್ಟಿದ್ದಾರೆ, ಮೂರು ತಿಂಗಳಾಯಿತು.
— ತುಮಕೂರು

ಉತ್ತರ: ಇಂದಿನ ಪತ್ರಗಳಲ್ಲಿ ನರಕ್ಕೆ ನಿಜವಾಗಿ ಪೆಟ್ಟಾಗಿರುವ ಸಾಧ್ಯತೆ ನಿಮ್ಮದರಲ್ಲೇ ಹೆಚ್ಚು. ಕಾರಣ ವೀರ್ಯವಲ್ಲ, ಸಕ್ಕರೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಬಿ12, ಕಿಡ್ನಿ, ಕೊಲೆಸ್ಟರಾಲ್, ಬಿ.ಪಿ. ನೋಡಿಸಿ, ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲು ಹೇಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ, ಸಸ್ಯಾಹಾರಿಗಳಲ್ಲಿ ಬಿ12 ಇಳಿಯುವುದು ಹೆಚ್ಚು. ಜೋಮಿಗೆ ಅದೂ ಕಾರಣವಾಗಬಹುದು. ನಿಮಿರು ದೌರ್ಬಲ್ಯ ಹೃದಯದ ರಕ್ತನಾಳ ಕಟ್ಟುವುದರ ಮುನ್ಸೂಚನೆಯೂ ಆಗಿರುತ್ತದೆ, ಇಸಿಜಿ ಮಾಡಿಸಿ. ಬರಿಗಾಲಲ್ಲಿ ಓಡಾಡಬೇಡಿ, ಉರಿಯುತ್ತದೆಂದು ಬಿಸಿನೀರಲ್ಲಿ ಕಾಲಿಡಬೇಡಿ. ಸುಟ್ಟದ್ದೂ ಗೊತ್ತಾಗದು.

ಲೇಹ್ಯದ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಲೇಬಲ್ ಇಲ್ಲದ ಇಂಥವುಗಳಲ್ಲಿ ಸ್ಟೀರಾಯ್ಡ್, ಸೀಸ, ಪಾದರಸ, ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಔಷಧದ ಬೆರಕೆ ಸಿಕ್ಕಿದ್ದುಂಟು. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ತಿಂಗಳುಗಟ್ಟಲೆ ತಿಂದು ದಿಢೀರನೆ ಬಿಟ್ಟರೆ ಬಿ.ಪಿ. ಕುಸಿಯಬಹುದು. ಅದಕ್ಕೇ ಒಂದೆರಡು ದಿನದಲ್ಲೇ ವೈದ್ಯರನ್ನು ಕಾಣಿ, ನಿಲ್ಲಿಸುವ ಕ್ರಮ ಅವರು ಹೇಳಲಿ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಸಿಲ್ಡೆನಾಫಿಲ್ ಸೇರಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಮುಕ್ಕಿದಾಗ ಮೂತ್ರದ ದಾರಿಯಲ್ಲಿ ಬಿಳಿ ಲೋಳೆ ಬರುತ್ತದೆ. ಧಾತುವೇ?
— ಕಲಬುರಗಿ, 23

ಉತ್ತರ: ಮಲಬದ್ಧತೆಯಲ್ಲಿ ತಿಣುಕಿದಾಗ ಪ್ರಾಸ್ಟೇಟ್ ದ್ರವ ಒಂದೆರಡು ಹನಿ ಜಿನುಗುತ್ತದೆ, ತೊಂದರೆಯಿಲ್ಲ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಉರಿಮೂತ್ರ, ಹಳದಿ ಕೀವು, ಹುಣ್ಣು ಅಥವಾ ವೃಷಣದ ನೋವಿದ್ದರೆ ಅದು ಸೋಂಕಾಗಿರಬಹುದು. ಮೂತ್ರ ಪರೀಕ್ಷೆ ಮಾಡಿಸಿ, ಸಂಗಾತಿಯಿದ್ದರೆ ಇಬ್ಬರೂ ಚಿಕಿತ್ಸೆ ಪಡೆಯಿರಿ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ನಲ್ಲಿ ಇದು ಉಚಿತ.