ಹತ್ತನೇ ತರಗತಿ ಕಿರು ಪರೀಕ್ಷೆ: ಗ್ರಾಹಕರ ರಕ್ಷಣೆ

ಅಂಕ: 20 ಸಮಯ: 40 ನಿಮಿಷ

ಪುಸ್ತಕದ ಸಾಲನ್ನು ಸುಮ್ನೆ ಇಳಿಸಬೇಡಿ. ಸನ್ನಿವೇಶ ಎರಡು ಸಲ ಓದಿ, ಆಮೇಲೆ ಪೆನ್ನು ಹಿಡಿಯಿರಿ.

1. ಒಂದೇ ವಾಕ್ಯದಲ್ಲಿ ಉತ್ತರಿಸಿ. (3)
ಅ) ಈಗ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯ್ದೆ ಯಾವ ವರ್ಷದ್ದು? (1986 ಅಂತ ಬರೆಯುವವರು ಪ್ರತಿ ಸಲ ಇದ್ದೇ ಇರುತ್ತಾರೆ!)
ಆ) ರಾಷ್ಟ್ರೀಯ ಗ್ರಾಹಕರ ದಿನ ಯಾವಾಗ?
ಇ) ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ ಏನು?

2. ನಿಮ್ಮ ಅತ್ತೆ ದಾವಣಗೆರೆಯ ಅಂಗಡಿಯೊಂದರಲ್ಲಿ 3,450 ರೂಪಾಯಿ ಕೊಟ್ಟು ಮಿಕ್ಸಿ ತಂದರು. ಒಂಬತ್ತನೇ ದಿನ ದೋಸೆಹಿಟ್ಟು ರುಬ್ಬುವಾಗ ಸುಟ್ಟ ವಾಸನೆ ಬಂತು. ಜಾರಿನ ಬುಡದಿಂದ ಹಿಟ್ಟು ಸೋರಿ, ಮಿಕ್ಸಿ ಗುರ್ ಅಂತ ನಿಂತೇಹೋಯಿತು. ಅಂಗಡಿಯವರು ಗೋಡೆ ಮೇಲಿನ ಬೋರ್ಡ್ ತೋರಿಸಿದರು: 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ'. ಬಿಲ್ಲಿನಲ್ಲಿ ವಾಪಸಾತಿಗೆ ಇಷ್ಟು ದಿನ ಅಂತ ಬರೆದಿಲ್ಲ. (7)
ಅ) ಬೋರ್ಡ್ ಇದ್ದ ಮಾತ್ರಕ್ಕೆ ಅಂಗಡಿಯವರು ಪಾರಾಗುತ್ತಾರಾ? ಕಾರಣ ಕೊಡಿ.
ಆ) ಮಿಕ್ಸಿ ಚೆನ್ನಾಗಿಯೇ ಇದೆ, ಬಣ್ಣ ಮಾತ್ರ ಅತ್ತೆಗೆ ಹಿಡಿಸಲಿಲ್ಲ. ಆಗಲೂ ನಿಮ್ಮ ಉತ್ತರ ಅದೇನಾ?
ಇ) ಅತ್ತೆಯ ಪರವಾಗಿ ಅಂಗಡಿಗೆ ಐದು ಸಾಲಿನ ಪತ್ರ ಬರೆಯಿರಿ. ಕೊಂಡ ತಾರೀಕು, ದೋಷ, ಏನು ಬೇಕು ಅನ್ನುವುದು ಅದರಲ್ಲಿರಲಿ. ಬೈಗುಳ ಬೇಡ.

3. ಜಗಳೂರಿನ ರೈತರೊಬ್ಬರು ನಾಲ್ಕು ಎಕರೆಗೆ ಮೆಕ್ಕೆಜೋಳ ಬಿತ್ತಿದರು. ಅರ್ಧಕ್ಕರ್ಧ ಮೊಳಕೆಯೇ ಬರಲಿಲ್ಲ. 'ನೀವು ಬೆಳೆದು ಮಾರೋರು, ಗ್ರಾಹಕರು ಹೇಗಾಗ್ತೀರಿ?' ಅಂತ ಬೀಜದ ಅಂಗಡಿಯವರು ಕೇಳಿದರು. (5)
ಅ) ಈ ಮಾತು ಸರಿಯಾ?
ಆ) ಅವರು ತೆಗೆದಿಟ್ಟುಕೊಳ್ಳಬೇಕಾದ ಎರಡು ಸಾಕ್ಷಿ ಯಾವುವು?

4. ಚಿತ್ರದುರ್ಗದ ಕಾಲೇಜು ಹುಡುಗಿಯೊಬ್ಬಳು ಆನ್‌ಲೈನಿನಲ್ಲಿ 14,000 ರೂಪಾಯಿಯ ಮೊಬೈಲ್ ತರಿಸಿದಳು. ಪರದೆ ಒಡೆದೇ ಬಂದಿತ್ತು. 'ದೂರು ಕೊಡಬೇಕಂದ್ರೆ ಬೆಂಗಳೂರಿಗೆ ಬನ್ನಿ' ಎಂದರು ಮಾರಿದವರು. ಅವಳು ಎಲ್ಲಿ ದೂರು ಕೊಡಬಹುದು? ಶುಲ್ಕ ಎಷ್ಟು? ಎಷ್ಟು ಕಾಲದೊಳಗೆ? ವಕೀಲರು ಬೇಕೇ ಬೇಕಾ? (5)

ಉತ್ತರ ಸೂಚಿ (ಮೌಲ್ಯಮಾಪನಕ್ಕೆ)
1. 2019, ಡಿಸೆಂಬರ್ 24, 1915.
2. ಪಾರಾಗುವುದಿಲ್ಲ. ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಹಿಡಿಸದಿರುವುದು ದೋಷವಲ್ಲ. ಅಲ್ಲಿ ಅಂಗಡಿಯವರ ನಿಯಮವೇ ನಡೆಯುತ್ತದೆ. ಈ ವ್ಯತ್ಯಾಸ ಹಿಡಿದವರಿಗೆ ಪೂರ್ತಿ ಅಂಕ ಕೊಡಿ.
3. ಸರಿಯಲ್ಲ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಬಿಲ್ಲು, ಲಾಟ್ ನಂಬರ್ ಇರುವ ಖಾಲಿ ಚೀಲ, ಹೊಲದ ಫೋಟೊ, ಕೃಷಿ ಅಧಿಕಾರಿಯ ವರದಿ: ಯಾವ ಎರಡಾದರೂ ಆಗುತ್ತದೆ.
4. ತಾನಿರುವ ಊರಿನ ಜಿಲ್ಲಾ ಆಯೋಗ, ಅಂದರೆ ಚಿತ್ರದುರ್ಗದಲ್ಲೇ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ. ವಕೀಲರು ಬೇಕೇ ಬೇಕೆಂದಿಲ್ಲ, ತಾನೇ ವಾದಿಸಬಹುದು. 'ಗ್ರಾಹಕರ ವೇದಿಕೆ' ಅಂತ ಹಳೇ ಹೆಸರು ಬರೆದರೂ ಅಂಕ ಕಡಿಯಬೇಡಿ.